ಐದು ತಿಂಗಳ ಹಿಂದಿನ 0.871 ಈಗ ಬರುತ್ತಿಲ್ಲ, 0.842ಕ್ಕೆ ನಿಲ್ಲುತ್ತಿದೆ. ಎಲ್ಲಿಂದ ಹುಡುಕೋದು?

ಸೋಮವಾರದ ಬಿಲ್ಡ್ · ಸೋಮವಾರ, ರಾತ್ರಿ 10:40

ನಾವು ನಾಲ್ಕು ಜನರ ಟೀಮ್. ಬಳಕೆದಾರರು ಕಳಿಸುವ ದೂರುಗಳನ್ನು ಓದಿ 14 ವಿಭಾಗಗಳಿಗೆ ಹಂಚುವ ಒಂದು ಮಾಡೆಲ್ ಇದೆ. ಮೊದಲೇ ತಯಾರಾದ ಒಂದು ಭಾಷಾ ಮಾಡೆಲ್ ತಗೊಂಡು ನಮ್ಮ ಡೇಟಾ ಮೇಲೆ 3 ಎಪಾಕ್ ಫೈನ್‌ಟ್ಯೂನ್ ಮಾಡಿದ್ದು, ಅಷ್ಟೇ. ಐದು ತಿಂಗಳ ಹಿಂದೆ ಎಫ್1 0.871 ಬಂದಿತ್ತು. ಅದನ್ನೇ ಎಲ್ಲರಿಗೂ ಹೇಳಿದ್ದೆವು, ವರದಿಯಲ್ಲೂ ಬರೆದಿದ್ದೆವು.

ಈಗ ಎರಡು ಹೊಸ ವಿಭಾಗ ಸೇರಿಸಬೇಕು. ಅದಕ್ಕೂ ಮೊದಲು ಹಳೇ ರನ್ ಒಮ್ಮೆ ಹಾಗೇ ಓಡಿಸಿ ನೋಡೋಣ ಅಂತ ಕೂತರೆ 0.842 ಬರುತ್ತಿದೆ. ಮೂರು ಸಲ ಓಡಿಸಿದೆ, ಮೂರೂ ಸಲ ಅಲ್ಲೇ ಆಚೀಚೆ. ಕೋಡ್ ಗಿಟ್‌ನಲ್ಲಿದೆ, ಸೀಡ್ 42 ಹಾಕಿದ್ದೇವೆ. ಡೇಟಾ ಹಂಚಿಕೊಂಡ ಡ್ರೈವ್‌ನಲ್ಲಿ `data.csv` ಅಂತ ಒಂದೇ ಫೈಲ್. ಹಳೇ ವೆಯ್ಟ್ಸ್ `final_v3_new.pt` ಅನ್ನೋ ಹೆಸರಲ್ಲಿದೆ (ನಗಬೇಡಿ). ಎಕ್ಸ್‌ಪೆರಿಮೆಂಟ್ ಟ್ರ್ಯಾಕಿಂಗ್ ಅಂತ ಏನೂ ಇಟ್ಟಿರಲಿಲ್ಲ. 0.871 ಅನ್ನೋ ಸಂಖ್ಯೆ ಮಾತ್ರ ಒಂದು ಚಾಟ್ ಮೆಸೇಜ್‌ನಲ್ಲಿ ಉಳಿದಿದೆ.

ಎಲ್ಲಿಂದ ಶುರು ಮಾಡೋದು?

ಸೀಡ್42 · ಸೋಮವಾರ, ರಾತ್ರಿ 10:58

ಸೀಡ್ ಎಲ್ಲ ಕಡೆ ಹಾಕಿಲ್ಲ ಅನಿಸುತ್ತೆ. ಪೈಥಾನ್‌ನ `random`, ನಂಪೈ, ಟಾರ್ಚ್, ಮೂರಕ್ಕೂ ಬೇರೆ ಬೇರೆ ಹಾಕಬೇಕು. ಜೊತೆಗೆ `torch.use_deterministic_algorithms(True)`. ಇಷ್ಟು ಮಾಡಿದರೆ ಯಾವಾಗ ಓಡಿಸಿದರೂ ಅದೇ ಸಂಖ್ಯೆ ಬರುತ್ತೆ, ಮುಗೀತು. ನಾನು ಪ್ರತಿ ಪ್ರಾಜೆಕ್ಟಲ್ಲೂ ಹೀಗೇ ಮಾಡೋದು.

ಗುಬ್ಬಚ್ಚಿ · ಸೋಮವಾರ, ರಾತ್ರಿ 11:05

ಅಣ್ಣ, ವೆಯ್ಟ್ಸ್ ಫೈಲ್ ಇದೆಯಲ್ಲ, ಅದನ್ನೇ ಲೋಡ್ ಮಾಡಿ ಅಲ್ಲಿಂದ ಟ್ರೈನಿಂಗ್ ಮುಂದುವರಿಸಿದರೆ ಆಗಲ್ವಾ? ಆಪ್ಟಿಮೈಸರ್‌ನ ಸ್ಥಿತಿಯೂ ಸೇವ್ ಆಗಿರಬೇಕು, ಇಲ್ಲದಿದ್ದರೆ ಲಾಸ್ ಒಂದು ಸಲ ಮೇಲಕ್ಕೆ ಜಿಗಿಯುತ್ತೆ. ನನಗೆ ಹಾಗೆ ಆಗಿತ್ತು.

ಸೋಮವಾರದ ಬಿಲ್ಡ್ · ಸೋಮವಾರ, ರಾತ್ರಿ 11:09

@ಗುಬ್ಬಚ್ಚಿ ಅರ್ಧಕ್ಕೆ ನಿಂತ ಟ್ರೈನಿಂಗ್ ಮುಂದುವರಿಸುವ ವಿಷಯ ಅಲ್ಲ ಮಾರಾಯ. ಸೊನ್ನೆಯಿಂದ ಶುರು ಮಾಡಿದರೆ ಅದೇ ಫಲಿತಾಂಶ ಬರಬೇಕು, ಬರುತ್ತಿಲ್ಲ. ಅದು ತೊಂದರೆ.

ಹಳೇ ಲಾಗ್ · ಮಂಗಳವಾರ, ಬೆಳಿಗ್ಗೆ 7:20

ಸೀಡ್ ಆಮೇಲೆ ನೋಡೋಣ. ಮೂರು ಸಲವೂ 0.842 ಹತ್ತಿರವೇ ಬಂದಿದೆ ಅಂದರೆ ನಿಮ್ಮ ಇವತ್ತಿನ ರನ್ ತಕ್ಕಮಟ್ಟಿಗೆ ಸ್ಥಿರವಾಗಿಯೇ ಇದೆ. 0.029 ವ್ಯತ್ಯಾಸ ಅಂದರೆ ಬೇರೆ ಏನೋ ಬದಲಾಗಿದೆ. ಕೋಡ್, ಡೇಟಾ, ಅಥವಾ ಅಳೆಯುವ ರೀತಿ.

@ಸೀಡ್42 ನೀವು ಹೇಳಿದ್ದು ಅರ್ಧ ಸರಿ. ಸೀಡ್ ಅನ್ನೋದು ಇಸ್ಪೀಟು ಕಲೆಸುವ ಕ್ರಮವನ್ನು ಮಾತ್ರ ಗಟ್ಟಿ ಮಾಡುತ್ತೆ. ಕೈಯಲ್ಲಿರೋ ಎಲೆಗಳೇ ಬದಲಾದರೆ ಅದು ಏನೂ ಮಾಡಲಾರದು. ಸಾವಿರಾರು ಸಾಲಿನ ಡೇಟಾದಿಂದ ಒಂದೇ ಒಂದು ಸಾಲು ತೆಗೆದು, ಅದೇ `random_state=42` ಇಟ್ಟು `train_test_split` ಮಾಡಿ ನೋಡಿ. ಒಂದು ಸಾಲು ಆಚೀಚೆ ಆಗೋದಿಲ್ಲ, ಹಂಚಿಕೆಯ ದೊಡ್ಡ ಭಾಗವೇ ಬದಲಾಗಬಹುದು. ಇನ್ನು ಡಿಟರ್ಮಿನಿಸ್ಟಿಕ್ ಮೋಡ್ ಹಾಕಿದರೂ ಪೈಟಾರ್ಚ್‌ನ ಬೇರೆ ಬೇರೆ ಆವೃತ್ತಿಗಳ ನಡುವೆ, ಬೇರೆ ಬೇರೆ ಹಾರ್ಡ್‌ವೇರ್ ನಡುವೆ ಒಂದೇ ಸಂಖ್ಯೆ ಬರುತ್ತೆ ಅಂತ ಅವರೇ ಭರವಸೆ ಕೊಡೋದಿಲ್ಲ. ಅವರ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ.

ಬಿಲ್ಡ್ ಅವರೇ, ಹಳೇ ರನ್‌ನ ಯಾವುದಾದರೂ ತುಣುಕು ಉಳಿದಿದೆಯಾ? ಟರ್ಮಿನಲ್ ಔಟ್‌ಪುಟ್, `nohup.out`, ನೋಟ್‌ಬುಕ್, ಸ್ಕ್ರೀನ್‌ಶಾಟ್, ಏನಾದರೂ ಸರಿ. ಸ್ಟೆಪ್‌ಗಳ ಸಂಖ್ಯೆ ಸಿಕ್ಕರೂ ಸಾಕು.

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 8:02

ನಮ್ಮಲ್ಲೂ ಹೀಗೇ ಆಗಿತ್ತು, ಆದರೆ ಚಿತ್ರಗಳ ಡೇಟಾ. ನನ್ನ ಮೆಷಿನ್‌ನಲ್ಲಿ ಒಂದು ಸಂಖ್ಯೆ, ಸಹೋದ್ಯೋಗಿಯ ಮೆಷಿನ್‌ನಲ್ಲಿ ಇನ್ನೊಂದು. ಕೋಡ್ ಒಂದೇ, ಫೈಲ್‌ಗಳೂ ಒಂದೇ, ಸೀಡೂ ಒಂದೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, `os.listdir` ಫೈಲ್‌ಗಳನ್ನು ಯಾವ ಕ್ರಮದಲ್ಲಿ ಕೊಡುತ್ತೆ ಅನ್ನೋದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. `glob` ಕೂಡ ಅಷ್ಟೇ. ಅವರ ಡಿಸ್ಕ್‌ನಲ್ಲಿ ಬೇರೆ ಕ್ರಮ, ನನ್ನದರಲ್ಲಿ ಬೇರೆ. ಕ್ರಮ ಬದಲಾದರೆ ಸ್ಪ್ಲಿಟ್ ಬದಲಾಯ್ತು. ಸುತ್ತ ಒಂದು `sorted()` ಹಾಕಿದೆ, ಸರಿಹೋಯ್ತು. ನೀವೂ ಅದನ್ನ ನೋಡಿ.

ಸೋಮವಾರದ ಬಿಲ್ಡ್ · ಮಂಗಳವಾರ, ಬೆಳಿಗ್ಗೆ 9:45

@ರಾತ್ರಿಪಾಳಿ ನಮ್ಮದು ಒಂದೇ ಸಿಎಸ್‌ವಿ, ಹಾಗಾಗಿ ಅದಲ್ಲ. ಆದರೂ ಬರೆದಿಟ್ಟುಕೊಂಡೆ.

@ಹಳೇ ಲಾಗ್ `nohup.out` ಸಿಕ್ಕಿತು ಸರ್! ಮೂರು ರನ್ ಒಂದರ ಮೇಲೊಂದು ಬಿದ್ದಿವೆ. ಆ ದಿನದ ರನ್‌ನ ಕೊನೆಯಲ್ಲಿ `4656/4656` ಅಂತಿದೆ. ಎಫ್1 ಬರೆದ ಸಾಲು ಮಾತ್ರ ಎಲ್ಲೂ ಇಲ್ಲ. ಬ್ಯಾಚ್ 32, ಒಂದೇ ಜಿಪಿಯು, 3 ಎಪಾಕ್. ಇವತ್ತಿನ ರನ್‌ನಲ್ಲಿ `4521/4521` ಬರುತ್ತಿದೆ. ಇದನ್ನ ನಾನು ಗಮನಿಸಿಯೇ ಇರಲಿಲ್ಲ.

ಹಳೇ ಲಾಗ್ · ಮಂಗಳವಾರ, ಬೆಳಿಗ್ಗೆ 10:30

ಇದೇ ಬೇಕಿತ್ತು. ಲೆಕ್ಕ ಹಾಕೋಣ.

4656 ಸ್ಟೆಪ್, 3 ಎಪಾಕ್. ಅಂದರೆ ಎಪಾಕ್‌ಗೆ 1552. ಒಂದು ಸ್ಟೆಪ್‌ಗೆ 32 ಸಾಲು, ಕೊನೆಯ ಬ್ಯಾಚ್ ಮಾತ್ರ ಅರೆಬರೆ ಇರಬಹುದು. ಹಾಗಾಗಿ ಹಳೇ ಟ್ರೈನಿಂಗ್ ಸೆಟ್‌ನಲ್ಲಿ 49,633ರಿಂದ 49,664 ಸಾಲು ಇತ್ತು. ಅದು 80% ಆದರೆ ಇಡೀ ಫೈಲ್ ಸುಮಾರು 62,041ರಿಂದ 62,080 ಸಾಲು.

ಈಗಿನದು 4521, ಎಪಾಕ್‌ಗೆ 1507. ಈಗಿನ ಫೈಲ್ ನಿಮ್ಮ ಕೈಯಲ್ಲೇ ಇದೆ, `wc -l` ಹೊಡೆದರೆ ಗೊತ್ತಾಗುತ್ತೆ (ದೂರಿನ ಒಳಗೆ ಹೊಸ ಸಾಲು ಇದ್ದರೆ `wc` ತಪ್ಪು ಹೇಳುತ್ತೆ, ಪಾಂಡಾಸ್‌ನಲ್ಲಿ ಓದಿ ಎಣಿಸಿ). ನನ್ನ ಅಂದಾಜು 60,200 ಚಿಲ್ಲರೆ. ಅಂದರೆ ಐದು ತಿಂಗಳಲ್ಲಿ ಯಾರೋ 1,800 ಸಾಲು ಹತ್ತಿರ ತೆಗೆದಿದ್ದಾರೆ. ಯಾರು, ಯಾಕೆ ಅಂತ ಟೀಮ್‌ನಲ್ಲಿ ಕೇಳಿ. ಬೈಬೇಡಿ, ಬೈದರೆ ಹೇಳೋದಿಲ್ಲ.

ಸೀಡ್42 · ಮಂಗಳವಾರ, ಬೆಳಿಗ್ಗೆ 10:41

ಅಥವಾ ಹಿಂದೆ ಎರಡು ಜಿಪಿಯು ಬಳಸಿರಬಹುದು. ಆಗ ನಿಜವಾದ ಬ್ಯಾಚ್ 64 ಆಗಿರುತ್ತೆ, ಸ್ಟೆಪ್ ಸಂಖ್ಯೆ ಬದಲಾಗುತ್ತೆ.

ಹಳೇ ಲಾಗ್ · ಮಂಗಳವಾರ, ಬೆಳಿಗ್ಗೆ 10:55

ಒಳ್ಳೆ ಪ್ರಶ್ನೆ, ಆದರೆ ಹಾಗಾಗಿದ್ದರೆ ಸ್ಟೆಪ್ ಸುಮಾರು ಅರ್ಧಕ್ಕೆ ಇಳಿಯಬೇಕಿತ್ತು. ಇಲ್ಲಿ ವ್ಯತ್ಯಾಸ 3% ಅಷ್ಟೇ. ಎರಡು ಜಿಪಿಯು ಮೇಲೆ ತಲಾ 16 ಹಾಕಿದ್ದರೆ ಲೆಕ್ಕ ಹಾಗೇ ಉಳಿಯುತ್ತೆ, ಅದನ್ನ ಲಾಗ್‌ನಿಂದ ಅಲ್ಲಗಳೆಯೋಕಾಗಲ್ಲ. ಆದರೆ ಅದರಿಂದ 0.029 ಬೀಳೋದು ಕಷ್ಟ.

ಸೋಮವಾರದ ಬಿಲ್ಡ್ · ಮಂಗಳವಾರ, ಮಧ್ಯಾಹ್ನ 2:15

ಸಿಕ್ಕಿಬಿದ್ದರು. ಈಗಿನ ಫೈಲ್ 60,264 ಸಾಲು. ನಮ್ಮ ಟೀಮ್‌ನ ಒಬ್ಬರು ಮೂರು ತಿಂಗಳ ಹಿಂದೆ ಒಂದೇ ರೀತಿಯ ದೂರುಗಳು ಎರಡೆರಡು ಸಲ ಇರೋದು ನೋಡಿ `drop_duplicates` ಮಾಡಿ, ಅದೇ ಹೆಸರಿನಲ್ಲಿ ಅದೇ ಜಾಗಕ್ಕೆ ಸೇವ್ ಮಾಡಿದ್ದಾರೆ. ಅವರ ನೋಟ್‌ಬುಕ್‌ನಲ್ಲಿ "1794 rows removed" ಅನ್ನೋ ಸಾಲು ಹಾಗೇ ಉಳಿದಿದೆ. 60,264 + 1,794 = 62,058. ನೀವು ಹೇಳಿದ ಮಿತಿಯ ಒಳಗೇ ಇದೆ!

ಹಾಗಾದರೆ ಕಾರಣ ಸಿಕ್ಕಿತು ಅಲ್ವಾ? ಒಂದೇ ದೂರು ಟ್ರೈನಿಂಗ್‌ನಲ್ಲೂ ವ್ಯಾಲಿಡೇಶನ್‌ನಲ್ಲೂ ಇತ್ತು, ಮಾಡೆಲ್ ಉತ್ತರ ಮೊದಲೇ ನೋಡಿತ್ತು, ಅದಕ್ಕೇ 0.871. ಅಂದರೆ ನಮ್ಮ ಹಳೇ ಸಂಖ್ಯೆಯೇ ಸುಳ್ಳು. ವರದಿಯಲ್ಲಿ ಬರೆದುಬಿಟ್ಟಿದ್ದೇವೆ, ಈಗ ಏನು ಹೇಳೋದು ಅಂತ ಚಿಂತೆ.

ಹಳೇ ಲಾಗ್ · ಮಂಗಳವಾರ, ಸಂಜೆ 6:10

ನಿಲ್ಲಿ ನಿಲ್ಲಿ. ಸೋರಿಕೆ ಇತ್ತು ನಿಜ. ಆದರೆ ಅದು 0.029 ಅಷ್ಟು ದೊಡ್ಡದಾ ಅಂತ ಲೆಕ್ಕ ಹಾಕದೆ ತಪ್ಪೊಪ್ಪಿಗೆ ಬರೆಯಬೇಡಿ.

1,794 ಹೆಚ್ಚುವರಿ ಸಾಲು ಎಲ್ಲವೂ ಜೋಡಿಗಳು ಅಂತಿಟ್ಟುಕೊಳ್ಳಿ. ಜೋಡಿಯಲ್ಲಿರುವ ಸಾಲು ಒಟ್ಟು 3,588. ಅದರಲ್ಲಿ 20%, ಸುಮಾರು 718, ವ್ಯಾಲಿಡೇಶನ್‌ಗೆ ಬಿದ್ದಿರುತ್ತೆ. ಅವುಗಳಲ್ಲಿ 80%ರ ಜೋಡಿ ಟ್ರೈನಿಂಗ್ ಕಡೆ ಇರುತ್ತೆ, ಅಂದರೆ 574. ವ್ಯಾಲಿಡೇಶನ್ ಒಟ್ಟು 12,412 ಸಾಲು. ಹಾಗಾಗಿ 4.6% ಸಾಲುಗಳ ಉತ್ತರ ಮಾಡೆಲ್‌ಗೆ ಮೊದಲೇ ಗೊತ್ತು.

ಈ 4.6%ನಲ್ಲಿ ಸೋರಿಕೆ ಇಲ್ಲದಿದ್ದರೂ ಮಾಡೆಲ್ ಹೆಚ್ಚುಕಡಿಮೆ 84% ಸರಿ ಹೇಳುತ್ತಿತ್ತು. ಸೋರಿಕೆಯಿಂದ ಅದು 100% ಆಯ್ತು ಅಂದುಕೊಂಡರೂ ಲಾಭ 4.6% × 0.16, ಅಂದರೆ 0.007. ಇದು ನಿಖರತೆಯ ಲೆಕ್ಕ, ಎಫ್1ಗೆ ಹೀಗೇ ಅನ್ವಯಿಸೋದಿಲ್ಲ. ಚಿಕ್ಕ ವಿಭಾಗಗಳಲ್ಲೇ ಈ ಜೋಡಿಗಳು ತುಂಬಿದ್ದರೆ ಮ್ಯಾಕ್ರೋ ಎಫ್1 ಜಾಸ್ತಿ ಏರಬಹುದು. ಆದರೂ ಸುಮ್ನೆ ನೋಡಿದರೆ 0.022 ಇನ್ನೂ ಬಾಕಿ ಇದೆ.

ಎರಡು ಕೆಲಸ ಮಾಡಿ. ಒಂದು, ಈಗಿನ ಡೇಟಾ ಮೇಲೆ ಸೀಡ್ ಮಾತ್ರ ಬದಲಿಸಿ ಐದು ರನ್ ಮಾಡಿ. ಸೀಡ್‌ನಿಂದಲೇ ಸಂಖ್ಯೆ ಎಷ್ಟು ಅಲುಗಾಡುತ್ತೆ ಅಂತ ಗೊತ್ತಾಗದೆ ಯಾವ ವ್ಯತ್ಯಾಸ ದೊಡ್ಡದು, ಯಾವುದು ಚಿಕ್ಕದು ಅಂತ ಹೇಳೋಕಾಗಲ್ಲ. ಎರಡು, ಹಳೇ ವೆಯ್ಟ್ಸ್ ಮತ್ತು ಹೊಸ ವೆಯ್ಟ್ಸ್ ಎರಡನ್ನೂ ಒಂದೇ ಕೋಡ್‌ನಿಂದ, ಒಂದೇ ಡೇಟಾ ಮೇಲೆ ಅಳೆಯಿರಿ. ಆದರೆ ಈಗಿನ ವ್ಯಾಲಿಡೇಶನ್ ಸೆಟ್ ಮೇಲೆ ಬೇಡ! ಸ್ಪ್ಲಿಟ್ ಬದಲಾಗಿದೆ, ಅದರ ಬಹುಪಾಲು ಸಾಲುಗಳನ್ನು ಹಳೇ ಮಾಡೆಲ್ ಟ್ರೈನಿಂಗ್‌ನಲ್ಲಿ ನೋಡಿಬಿಟ್ಟಿದೆ. ಆ ರನ್ ಆದಮೇಲೆ ಬಂದು ಲೇಬಲ್ ಆಗಿರುವ, ಎರಡೂ ಮಾಡೆಲ್ ನೋಡಿರದ ದೂರುಗಳು ಬೇಕು.

ಲೆಕ್ಕಪುಸ್ತಕ · ಮಂಗಳವಾರ, ಸಂಜೆ 7:30

ಇಷ್ಟೆಲ್ಲ ಪತ್ತೇದಾರಿ ಕೆಲಸ ಬೇಕಾ? ನಾವು ಐದು ಜನ, ಒಂದು ಸ್ಪ್ರೆಡ್‌ಶೀಟ್ ಇಟ್ಟಿದ್ದೇವೆ. ದಿನಾಂಕ, ಯಾರು ಓಡಿಸಿದ್ದು, ಕಮಿಟ್, ಲರ್ನಿಂಗ್ ರೇಟ್, ಎಫ್1. ಎರಡು ವರ್ಷದಿಂದ ಆರಾಮಾಗಿ ನಡೀತಿದೆ. ಸರ್ವರ್ ನಿಲ್ಲಿಸು, ಡೇಟಾಬೇಸ್ ಇಡು ಅನ್ನೋ ತಲೆನೋವೇ ಇಲ್ಲ.

ಕಡತಗಾರ · ಮಂಗಳವಾರ, ರಾತ್ರಿ 8:05

@ಲೆಕ್ಕಪುಸ್ತಕ ಆ ಶೀಟ್‌ನಲ್ಲಿ ಡೇಟಾದ ಕಾಲಮ್ ಇದೆಯಾ? ಇದ್ದರೆ ಅದರಲ್ಲಿ ಏನು ಬರೀತೀರಿ? "data.csv" ಅಂತನಾ?

ಲೆಕ್ಕಪುಸ್ತಕ · ಮಂಗಳವಾರ, ರಾತ್ರಿ 8:11

...ಹೌದು, ಫೈಲ್ ಹೆಸರು. ಆಯ್ತು, ಅರ್ಥ ಆಯ್ತು. ನಾಳೆ ಚೆಕ್‌ಸಮ್ ಕಾಲಮ್ ಹಾಕ್ತೀನಿ. ಆದರೂ ಶೀಟ್ ಬಿಡೋದಿಲ್ಲ.

ಸೋಮವಾರದ ಬಿಲ್ಡ್ · ಬುಧವಾರ, ರಾತ್ರಿ 9:20

ಎರಡೂ ಮಾಡಿದೆ.

ಐದು ಸೀಡ್‌ಗಳಲ್ಲಿ 0.838ರಿಂದ 0.849ರವರೆಗೆ ಬಂತು. ಅಂದರೆ ಸೀಡ್ ಒಂದರಿಂದಲೇ 0.011 ಆಟ ಇದೆ. ಇದು ನನಗೆ ಆಶ್ಚರ್ಯ, ಮೂರು ಸಲ ಒಂದೇ ಸೀಡ್‌ನಲ್ಲಿ ಓಡಿಸಿ ಗಟ್ಟಿ ಸಂಖ್ಯೆ ಅಂದುಕೊಂಡಿದ್ದೆ.

ಕಳೆದ ಎರಡು ತಿಂಗಳಲ್ಲಿ ಲೇಬಲ್ ಆದ 1,900 ದೂರುಗಳು ಬೇರೆ ಫೈಲ್‌ನಲ್ಲಿದ್ದವು. ಅದರ ಮೇಲೆ ಹಳೇ ಮಾಡೆಲ್ 0.829, ಹೊಸದು 0.831. ವ್ಯತ್ಯಾಸವೇ ಇಲ್ಲ!

ಹಳೇ ಲಾಗ್ · ಬುಧವಾರ, ರಾತ್ರಿ 10:00

1,900 ಸಾಲಿನಲ್ಲಿ 0.83 ಹತ್ತಿರದ ಸಂಖ್ಯೆ ಕಾಕತಾಳೀಯವಾಗಿಯೇ ಸುಮಾರು 0.009 ಆಚೀಚೆ ಆಗುತ್ತೆ. ಹಾಗಾಗಿ 0.002 ಅನ್ನೋದು ಏನೂ ಅಲ್ಲ. ನಿಮ್ಮ ಮಾಡೆಲ್ ಕೆಟ್ಟಿಲ್ಲ, ಟ್ರೈನಿಂಗೂ ಕೆಟ್ಟಿಲ್ಲ. ಅಳತೆಗೋಲು ಬದಲಾಗಿದೆ. 0.871 ಯಾವ ಎಫ್1? ಮ್ಯಾಕ್ರೋನಾ, ವೆಯ್ಟೆಡ್ಡಾ? ಅದನ್ನ ಯಾವ ಕೋಡ್ ಪ್ರಿಂಟ್ ಮಾಡಿತ್ತು?

ಸೋಮವಾರದ ಬಿಲ್ಡ್ · ಬುಧವಾರ, ರಾತ್ರಿ 10:35

ಅಯ್ಯೋ.

`train.py` ಲಾಗ್ ಮಾಡೋದು ಮ್ಯಾಕ್ರೋ. ಆದರೆ ಆ ದಿನ ನಾನು ನೋಟ್‌ಬುಕ್‌ನಲ್ಲಿ `classification_report` ಓಡಿಸಿ, ಕೊನೆಯ ಸಾಲಿನ ಸಂಖ್ಯೆ ಎತ್ತಿ ಚಾಟ್‌ಗೆ ಹಾಕಿದ್ದೆ. ಕೊನೆಯ ಸಾಲು `weighted avg`. ನಮ್ಮಲ್ಲಿ ಎರಡು ವಿಭಾಗಕ್ಕೆ ನೂರರ ಆಸುಪಾಸು ದೂರುಗಳಷ್ಟೇ ಇವೆ, ಅವು ಮ್ಯಾಕ್ರೋವನ್ನು ಕೆಳಗೆ ಎಳೆಯುತ್ತವೆ. ಈಗಿನ ಸೀಡ್ 42 ರನ್‌ಗೆ ವೆಯ್ಟೆಡ್ ತೆಗೆದೆ, 0.864 ಬಂತು.

0.871ರಲ್ಲಿ 0.864 ಕಳೆದರೆ 0.007. ನೀವು ಸೋರಿಕೆಗೆ ಹೇಳಿದ ಸಂಖ್ಯೆಯೇ!

ಹಳೇ ಲಾಗ್ · ಬುಧವಾರ, ರಾತ್ರಿ 10:52

ಖುಷಿ ಪಡಿ, ಆದರೆ ಅದನ್ನ ವರದಿಯಲ್ಲಿ ಸಾಬೀತಾಯ್ತು ಅಂತ ಬರೆಯಬೇಡಿ. ಸೀಡ್‌ನಿಂದಲೇ 0.01 ಅಲುಗಾಡುವ ಕಡೆ 0.007 ಕೂಡಿಬಂದರೆ ಅದು ಕಾಕತಾಳೀಯವೂ ಇರಬಹುದು. ದೊಡ್ಡ ಪಾಲು ಅಳತೆ ಬೇರೆ ಆಗಿದ್ದರಿಂದ, ಸಣ್ಣ ಪಾಲು ಸೋರಿಕೆಯಿಂದ ಇರಬಹುದು ಅನ್ನಿ. ಹಳೇ ಸ್ಪ್ಲಿಟ್ ಉಳಿದಿದ್ದರೆ ಗಟ್ಟಿಯಾಗಿ ಹೇಳಬಹುದಿತ್ತು. ಆ 1,794 ಸಾಲುಗಳು ಎಲ್ಲಿ ಯಾವ ಕ್ರಮದಲ್ಲಿದ್ದವು ಅಂತ ಗೊತ್ತಿಲ್ಲದೆ ಹಳೇ ಸ್ಪ್ಲಿಟ್ ಮತ್ತೆ ಕಟ್ಟೋಕಾಗಲ್ಲ.

ಗುಬ್ಬಚ್ಚಿ · ಬುಧವಾರ, ರಾತ್ರಿ 11:15

ಅಂದರೆ ಇಷ್ಟು ದಿನದ ಗಲಾಟೆ ಒಂದು ಸಾಲು ತಪ್ಪಾಗಿ ಕಾಪಿ ಮಾಡಿದ್ದಕ್ಕಾ 😅

ಸೋಮವಾರದ ಬಿಲ್ಡ್ · ಬುಧವಾರ, ರಾತ್ರಿ 11:18

ಹೌದು ತಮ್ಮ, ನಗು. ನಾನೂ ನಗ್ತಾ ಇದ್ದೀನಿ.

ಈಗ ಮುಂದಿನ ಪ್ರಶ್ನೆ. ನಾಲ್ಕು ಜನರ ಟೀಮ್‌ಗೆ ಕಡಿಮೆ ಅಂದರೆ ಏನು ಬೇಕು? ದೊಡ್ಡ ವ್ಯವಸ್ಥೆ ನಿಭಾಯಿಸೋಕೆ ನಮ್ಮಲ್ಲಿ ಯಾರೂ ಇಲ್ಲ.

ಹಳೇ ಲಾಗ್ · ಗುರುವಾರ, ಬೆಳಿಗ್ಗೆ 7:05

ನಿಮ್ಮದೇ ಕಥೆಯಿಂದ ಶುರು ಮಾಡೋಣ. ಎಲ್ಲೆಲ್ಲಿ ಎಡವಿದಿರೋ ಅಲ್ಲಿಗೆ ಮಾತ್ರ ಮದ್ದು.

ಮೊದಲು ಸ್ಪ್ಲಿಟ್. ಸೀಡ್ ನಂಬಿಕೊಂಡು ಪ್ರತಿ ರನ್‌ನಲ್ಲೂ ಹೊಸದಾಗಿ ಸ್ಪ್ಲಿಟ್ ಮಾಡೋದು ಬಿಡಿ. ದೂರಿನ ಪಠ್ಯವೇ ತಾನು ಯಾವ ಕಡೆ ಹೋಗಬೇಕು ಅಂತ ಹೇಳಲಿ.

```python
import hashlib

def bucket(text):
    t = " ".join(text.lower().split())
    h = hashlib.sha256(t.encode("utf-8")).hexdigest()
    return int(h, 16) % 100

df["split"] = ["val" if bucket(t) < 20 else "train" for t in df["text"]]
```

ಇದರಿಂದ ಎರಡು ಲಾಭ. ಒಂದೇ ಪಠ್ಯದ ಎರಡು ಪ್ರತಿ ಇದ್ದರೆ ಎರಡೂ ಒಂದೇ ಕಡೆ ಬೀಳುತ್ತವೆ, ಹಾಗಾಗಿ ನಿಮಗಾದಂಥ ಸೋರಿಕೆ ಆಗೋದಿಲ್ಲ. ಸಾಲು ಸೇರಿಸಿದರೂ ತೆಗೆದರೂ ಉಳಿದ ಸಾಲುಗಳು ಜಾಗ ಬದಲಿಸೋದಿಲ್ಲ. ಹಾಗಾಗಿ ಮುಂದಿನ ವರ್ಷದ ಮಾಡೆಲನ್ನೂ ಈ ವರ್ಷದ ವ್ಯಾಲಿಡೇಶನ್ ಮೇಲೆ ಧೈರ್ಯವಾಗಿ ಅಳೆಯಬಹುದು. ಪೈಥಾನ್‌ನ `hash()` ಮಾತ್ರ ಬಳಸಬೇಡಿ, ಸ್ಟ್ರಿಂಗ್‌ಗೆ ಅದು ಪ್ರತಿ ಸಲ ಪ್ರೋಗ್ರಾಮ್ ಶುರುವಾದಾಗ ಬೇರೆ ಬೇರೆ ಉತ್ತರ ಕೊಡುತ್ತೆ. ಒಂದು ಪದ ಆಚೀಚೆ ಇರುವ, ಹೆಚ್ಚುಕಡಿಮೆ ಒಂದೇ ಆದ ದೂರುಗಳನ್ನು ಇದು ಹಿಡಿಯೋದಿಲ್ಲ. ಅದು ಬೇರೆ ಕೆಲಸ.

ಎರಡನೇದು ಡೇಟಾ ಫೈಲ್. ಬರೆದ ಮೇಲೆ ತಿದ್ದೋ ಹಾಗಿಲ್ಲ. ಬದಲಾದರೆ ಹೊಸ ಫೈಲ್, ಹೊಸ ಹೆಸರು. ರನ್ ಶುರುವಾದಾಗ ಕೋಡ್ ತಾನೇ ಫೈಲ್‌ನ ಎಸ್‌ಎಚ್‌ಎ-256, ಒಟ್ಟು ಸಾಲು, ಪ್ರತಿ ವಿಭಾಗದ ಸಾಲು ಇವನ್ನು ಬರೆದಿಡಬೇಕು. ಮನುಷ್ಯರು ಬರೆಯಬಾರದು, ಮರೀತಾರೆ. ಚೆಕ್‌ಸಮ್ "ಬದಲಾಗಿದೆ" ಅಂತ ಮಾತ್ರ ಹೇಳುತ್ತೆ, ಎಷ್ಟು, ಎಲ್ಲಿ ಅಂತ ಹೇಳೋದು ಸಾಲಿನ ಲೆಕ್ಕ. ನಿಮ್ಮನ್ನ ಉಳಿಸಿದ್ದೂ ಸಾಲಿನ ಲೆಕ್ಕವೇ ಅಲ್ವಾ?

ಮೂರನೇದು ಅಳತೆ. ಬರೀ `f1` ಅಂತ ಹೆಸರಿಡಬೇಡಿ. `val_f1_macro`, `val_f1_weighted` ಎರಡೂ ಲಾಗ್ ಆಗಲಿ. ಪ್ರತಿ ಸಾಲಿಗೂ ಮಾಡೆಲ್ ಏನು ಹೇಳಿತು ಅನ್ನೋ ಫೈಲ್ ಕೂಡ ಉಳಿಸಿ. 12,000 ಸಾಲಿನ ಸಿಎಸ್‌ವಿ ಎಷ್ಟು ದೊಡ್ಡದಾದೀತು? ಅದೊಂದು ಇದ್ದಿದ್ದರೆ ನಿನ್ನೆ ರಾತ್ರಿಯ ಕೆಲಸ ಐದು ನಿಮಿಷದ್ದು. ಯಾವ ಅಳತೆಯನ್ನು ಬೇಕಾದರೂ ಆಮೇಲೆ ಲೆಕ್ಕ ಹಾಕಬಹುದು.

ಸೀಡ್42 · ಗುರುವಾರ, ಬೆಳಿಗ್ಗೆ 9:00

ಎಂಎಲ್‌ಫ್ಲೋ ಹಾಕಿದರೆ ಗಿಟ್ ಕಮಿಟ್ ಅದೇ ಬರೆದುಕೊಳ್ಳುತ್ತೆ. ಕೋಡ್ ಬಗ್ಗೆ ಯೋಚನೆ ಬೇಡ.

ಹಳೇ ಲಾಗ್ · ಗುರುವಾರ, ಬೆಳಿಗ್ಗೆ 9:25

ಕಮಿಟ್ ಬರೆದುಕೊಳ್ಳುತ್ತೆ. ಕಮಿಟ್ ಮಾಡದೆ ಬಿಟ್ಟ ತಿದ್ದುಪಡಿಯನ್ನ ಬರೆದುಕೊಳ್ಳೋದಿಲ್ಲ. ರಾತ್ರಿ ಹತ್ತಕ್ಕೆ ಲರ್ನಿಂಗ್ ರೇಟನ್ನ ಫೈಲ್‌ನಲ್ಲೇ ತಿದ್ದಿ ರನ್ ಬಿಟ್ಟು ಮಲಗುವವರೇ ಎಲ್ಲರೂ. ಆಗ ದಾಖಲೆಯಲ್ಲಿರೋ ಕಮಿಟ್ ಒಂದು, ಓಡಿದ ಕೋಡ್ ಇನ್ನೊಂದು. ಕಮಿಟ್ ಇಲ್ಲದಿರೋದಕ್ಕಿಂತ ಇದು ಕೆಟ್ಟದ್ದು, ಯಾಕಂದರೆ ಜನ ಅದನ್ನ ನಂಬುತ್ತಾರೆ.

`train.py`ಯ ಮೊದಲಲ್ಲಿ ಇದನ್ನ ಹಾಕಿ:

```python
import subprocess, sys

out = subprocess.check_output(
    ["git", "status", "--porcelain"], text=True)
if out.strip() and "--scratch" not in sys.argv:
    sys.exit("uncommitted changes:\n" + out)
```

ಸುಮ್ನೆ ಪ್ರಯೋಗಕ್ಕೆ `--scratch`, ಆ ರನ್‌ನ ಸಂಖ್ಯೆಯನ್ನ ಯಾರಿಗೂ ಹೇಳೋ ಹಾಗಿಲ್ಲ. `git diff` ಉಳಿಸಿಟ್ಟರೆ ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಗಿಟ್‌ಗೆ ಇನ್ನೂ ಸೇರಿಸದ ಹೊಸ ಫೈಲ್ ಅದರಲ್ಲಿ ಬರೋದಿಲ್ಲ, ಎಚ್ಚರ. ಮತ್ತೆ ಔಟ್‌ಪುಟ್ ಫೋಲ್ಡರ್‌ಗಳನ್ನ `.gitignore`ಗೆ ಹಾಕಿ, ಇಲ್ಲದಿದ್ದರೆ ಇದು ಪ್ರತಿ ಸಲ ತಡೆಯುತ್ತೆ, ಮೂರನೇ ದಿನ ಯಾರೋ ಈ ನಾಲ್ಕು ಸಾಲನ್ನೇ ಕಿತ್ತುಹಾಕುತ್ತಾರೆ.

ಇನ್ನೊಂದು ಮರೆತಿದ್ದೆ. ಮೂಲ ಮಾಡೆಲನ್ನ ಹಬ್‌ನಿಂದ ಹೆಸರಿನಲ್ಲಿ ಎಳೆದುಕೊಳ್ಳುತ್ತಿದ್ದರೆ `from_pretrained`ಗೆ `revision=` ಕೊಟ್ಟು ಕಮಿಟ್ ಹ್ಯಾಶ್ ಹಾಕಿ. ಹೆಸರು ಮಾತ್ರ ಕೊಟ್ಟರೆ ಇವತ್ತಿನ `main` ಸಿಗುತ್ತೆ, ಅದು ಅಂದಿನದೇ ಆಗಿರಬೇಕು ಅಂತಿಲ್ಲ.

ಕಡತಗಾರ · ಗುರುವಾರ, ಮಧ್ಯಾಹ್ನ 1:40

ಡೇಟಾಗೆ ನಾನು ಡಿವಿಸಿ ಹೇಳ್ತೀನಿ. `dvc add` ಮಾಡಿದರೆ ಒಂದು ಪುಟ್ಟ `.dvc` ಫೈಲ್ ಬರುತ್ತೆ, ಅದರಲ್ಲಿ ಡೇಟಾದ ಎಂಡಿ5 ಇರುತ್ತೆ, ಅದನ್ನ ಗಿಟ್‌ಗೆ ಹಾಕೋದು. ಹಳೇ ಕಮಿಟ್‌ಗೆ ಹೋಗಿ `dvc checkout` ಅಂದರೆ ಅಂದಿನ ಡೇಟಾ ವಾಪಸ್. ಚೆನ್ನಾಗಿದೆ.

ಆದರೆ ಎರಡು ಪೆಟ್ಟು ತಿಂದಿದ್ದೇನೆ, ಹೇಳಿಬಿಡ್ತೀನಿ. ಡಿವಿಸಿ ಉಳಿತಾಯ ಮಾಡೋದು ಫೈಲ್ ಲೆಕ್ಕದಲ್ಲಿ. 10 ಜಿಬಿಯ ಒಂದೇ ಫೈಲ್‌ನಲ್ಲಿ ಒಂದು ಸಾಲು ಬದಲಾದರೂ ಇನ್ನೊಂದು 10 ಜಿಬಿ. ಡೇಟಾವನ್ನ ತಿಂಗಳಿಗೊಂದು ಫೈಲ್ ಅಂತ ಒಡೆದು ಇಟ್ಟರೆ ಬದಲಾದ ತಿಂಗಳು ಮಾತ್ರ ಮತ್ತೆ ಉಳಿಯುತ್ತೆ.

ಇನ್ನೊಂದು ದೊಡ್ಡದು. ಡಿಸ್ಕ್ ತುಂಬಿತು ಅಂತ ನಮ್ಮವರೊಬ್ಬರು `dvc gc -w` ಹೊಡೆದರು. ಅದು ಈಗ ಕಣ್ಣ ಮುಂದಿರೋ ಆವೃತ್ತಿಗೆ ಬೇಕಾದ್ದನ್ನ ಮಾತ್ರ ಇಟ್ಟುಕೊಂಡು ಕ್ಯಾಶ್‌ನಿಂದ ಉಳಿದದ್ದೆಲ್ಲ ಅಳಿಸುತ್ತೆ. ಜೊತೆಗೆ `-c` ಹಾಕಿದರೆ ರಿಮೋಟ್‌ನಿಂದಲೂ. ಅವರು ಹಾಕಿದ್ದರು. ಗಿಟ್‌ನಲ್ಲಿ ಹಳೇ ಹ್ಯಾಶ್‌ಗಳೆಲ್ಲ ಚೆಂದಾಗಿ ಕೂತಿವೆ, ಹಿಂದೆ ಡೇಟಾ ಮಾತ್ರ ಇಲ್ಲ. ಮನೆಯ ಬೀಗದ ಕೈ ಇದೆ, ಮನೆ ಇಲ್ಲ. ಅಂದಿನಿಂದ ರಿಮೋಟ್‌ನಲ್ಲಿ ಅಳಿಸುವ ಅನುಮತಿಯನ್ನ ಒಬ್ಬರಿಗೆ ಮಾತ್ರ ಕೊಟ್ಟಿದ್ದೇವೆ.

ರಾತ್ರಿಪಾಳಿ · ಗುರುವಾರ, ಸಂಜೆ 5:30

ಡಾಕರ್ ಇಮೇಜ್ ಬಗ್ಗೆ ಯಾರೂ ಹೇಳಲಿಲ್ಲ. ಟ್ಯಾಗ್ ಬರೆದಿಟ್ಟರೆ ಸಾಲದು, ಅದೇ ಟ್ಯಾಗನ್ನ ನಾಳೆ ಬೇರೆ ಇಮೇಜ್‌ಗೆ ಅಂಟಿಸಬಹುದು. `sha256:` ಅಂತ ಶುರುವಾಗೋ ಡೈಜೆಸ್ಟ್ ಬರೆದಿಡಿ. ಡಾಕರ್ ಇಲ್ಲದಿದ್ದರೆ ಕನಿಷ್ಠ `pip freeze`.

ಕಡತಗಾರ · ಗುರುವಾರ, ಸಂಜೆ 6:15

ಒಂದು ವಿಷಯ ನನಗೆ ಇನ್ನೂ ಬಗೆಹರಿದಿಲ್ಲ, ಇಲ್ಲಿ ಯಾರಾದರೂ ದಾರಿ ಕಂಡಿದ್ದರೆ ಹೇಳಿ. ಬಳಕೆದಾರರೊಬ್ಬರು ನನ್ನ ದೂರನ್ನ ಅಳಿಸಿ ಅಂತ ಕೇಳಿದರೆ ಹಳೇ ಆವೃತ್ತಿಗಳಿಂದಲೂ ಅಳಿಸಬೇಕು. ಅಳಿಸಿದರೆ ಆ ರನ್ ಮತ್ತೆಂದೂ ಹಾಗೇ ಓಡೋದಿಲ್ಲ. ಡೇಟಾ ತಿದ್ದಬಾರದು ಅನ್ನೋ ನಿಯಮಕ್ಕೂ ಇದಕ್ಕೂ ಹೊಂದಿಕೆಯೇ ಆಗಲ್ಲ.

ಹಳೇ ಲಾಗ್ · ಗುರುವಾರ, ರಾತ್ರಿ 9:10

ನನ್ನ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ನಾನು ಮಾಡೋದು ಇಷ್ಟು. ಪ್ರತಿ ರನ್‌ಗೆ ಬಳಸಿದ ಸಾಲುಗಳ ಐಡಿಗಳ ಪಟ್ಟಿ ಉಳಿಸ್ತೀನಿ, ಪಠ್ಯ ಬೇರೆ ಕಡೆ ಇರುತ್ತೆ. ಪಠ್ಯ ಅಳಿಸಿದರೆ ಮತ್ತೆ ಓಡಿಸುವಾಗ "ಈ ರನ್‌ನ 62,000ದಲ್ಲಿ 7 ಸಾಲು ಈಗ ಇಲ್ಲ" ಅಂತ ಕೋಡ್ ಹೇಳುತ್ತೆ. ಮೊದಲಿನಂತೆ ಹೂಬೇಹೂಬು ಬರೋದಿಲ್ಲ, ಆದರೆ ಯಾಕೆ ಬರಲಿಲ್ಲ ಅಂತ ಗೊತ್ತಿರುತ್ತೆ. ಐಡಿ ಬದಲು ಪಠ್ಯದ ಹ್ಯಾಶ್ ಇಡೋಣ, ಅದು ಖಾಸಗಿಯಲ್ವಾ ಅಂತ ಕೆಲವರು ಅಂದುಕೊಳ್ತಾರೆ. ಚಿಕ್ಕ ಪಠ್ಯ ಆದರೆ ಊಹೆ ಮಾಡಿ ಹ್ಯಾಶ್ ಹೊಂದಿಸಿ ನೋಡಬಹುದು, ಅದನ್ನ ನಂಬಬೇಡಿ.

ಸೋಮವಾರದ ಬಿಲ್ಡ್ · ಭಾನುವಾರ, ಸಂಜೆ 4:50

ನಾಲ್ಕು ದಿನದ ವರದಿ. ಎಂಎಲ್‌ಫ್ಲೋ ಒಂದು ಹಳೇ ಮೆಷಿನ್‌ನಲ್ಲಿ ಹಾಕಿದೆ, ಸಂಖ್ಯೆಗಳು ಅಲ್ಲಿಗೆ ಹೋಗುತ್ತವೆ. ಡೇಟಾಗೆ ಡಿವಿಸಿ. ಸ್ಪ್ಲಿಟ್ ಹ್ಯಾಶ್‌ನಿಂದ. ಕಮಿಟ್ ಇಲ್ಲದೆ ರನ್ ಇಲ್ಲ (ಈಗಾಗಲೇ ಇಬ್ಬರು ನನ್ನನ್ನ ಬೈದಿದ್ದಾರೆ).

ಆಮೇಲೆ ಪರೀಕ್ಷೆ ಮಾಡಿದೆ. ನಾನು ಬಾಯಿ ಬಿಡದೆ, ಸಹೋದ್ಯೋಗಿಗೆ ರನ್ ಐಡಿ ಮಾತ್ರ ಕೊಟ್ಟು ನಿಮ್ಮ ಮೆಷಿನ್‌ನಲ್ಲಿ ಇದನ್ನ ಮತ್ತೆ ಓಡಿಸಿ ಅಂದೆ. ಅರ್ಧ ಗಂಟೆ ಸಿಕ್ಕಿಹಾಕಿಕೊಂಡರು, ಯಾಕಂದರೆ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ನನ್ನ `.bashrc`ನಲ್ಲಿ ಮಾತ್ರ ಇತ್ತು, ಅದರಲ್ಲಿ ಟೋಕನ್‌ಗಳ ಗರಿಷ್ಠ ಉದ್ದ! ಅದನ್ನ ಕಾನ್ಫಿಗ್‌ಗೆ ಎತ್ತಿ ಹಾಕಿದ ಮೇಲೆ ಓಡಿತು. ನನ್ನಲ್ಲಿ ಮ್ಯಾಕ್ರೋ 0.836, ಅವರಲ್ಲಿ 0.834. ಅವರ ಜಿಪಿಯು ಬೇರೆ. ಹೊಸ ಸ್ಪ್ಲಿಟ್‌ನಲ್ಲಿ ಐದು ಸೀಡ್‌ಗಳ ಹರವು 0.831ರಿಂದ 0.843. ಇದನ್ನ ಆಯ್ತು ಅಂತ ತಗೋಬಹುದಾ?

ಸೀಡ್42 · ಭಾನುವಾರ, ಸಂಜೆ 5:20

0.836ಕ್ಕೆ 0.836 ಬರಬೇಕು ಅನ್ನೋದೇ ನನ್ನ ಮಾತು. ಡಿಟರ್ಮಿನಿಸ್ಟಿಕ್ ಹಾಕಿದ್ದೀರಾ? `CUBLAS_WORKSPACE_CONFIG=:4096:8` ಕೂಡ ಬೇಕು.

ಹಳೇ ಲಾಗ್ · ಭಾನುವಾರ, ಸಂಜೆ 6:00

ಒಂದೇ ಮೆಷಿನ್‌ನಲ್ಲಿ ಬಗ್ ಹುಡುಕುವಾಗ ಅದನ್ನ ಹಾಕಿ, ತುಂಬಾ ಸಹಾಯ. ನಾನೂ ಹಾಕ್ತೀನಿ. ಎರಡು ಬೇರೆ ಜಿಪಿಯುಗಳ ನಡುವೆ ಮಾತ್ರ ಆಸೆ ಬಿಡಿ. ದಶಮಾಂಶ ಸಂಖ್ಯೆಗಳನ್ನ ಬೇರೆ ಕ್ರಮದಲ್ಲಿ ಕೂಡಿದರೆ ಕಂಪ್ಯೂಟರ್‌ನಲ್ಲಿ ಮೊತ್ತದ ಕೊನೆಯ ಅಂಕಿ ಬದಲಾಗುತ್ತೆ, 4,000 ಸ್ಟೆಪ್‌ನಲ್ಲಿ ಅದು ಬೆಳೆಯುತ್ತೆ. ಬೇರೆ ಚಿಪ್ ಅಂದರೆ ಕೂಡುವ ಕ್ರಮವೂ ಬೇರೆ.

ಬಿಲ್ಡ್ ಅವರೇ, ಸೀಡ್ ಹರವಿನ ಒಳಗೆ ಇದೆ, ಡೇಟಾದ ಹ್ಯಾಶ್ ಒಂದೇ, ಸ್ಟೆಪ್ ಸಂಖ್ಯೆ ಒಂದೇ, ಹಾಗಾಗಿ ನಾನಾದರೆ ಆಯ್ತು ಅಂತೀನಿ. ಸ್ಟೆಪ್ ಸಂಖ್ಯೆ ಒಂದೇ ಇದೆ ತಾನೇ?

ಸೀಡ್42 · ಭಾನುವಾರ, ಸಂಜೆ 6:12

ನಾನು ಒಪ್ಪಲ್ಲ. ಹರವಿನ ಒಳಗಿದೆ ಅಂತ ಬಿಟ್ಟರೆ ಸಣ್ಣ ಬಗ್‌ಗಳು ಅದೇ ಹರವಿನಲ್ಲಿ ಅಡಗಿ ಕೂರುತ್ತವೆ.

ಹಳೇ ಲಾಗ್ · ಭಾನುವಾರ, ಸಂಜೆ 6:20

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲ ಹತ್ತು ಸ್ಟೆಪ್‌ಗಳ ಲಾಸ್ ಎರಡೂ ಕಡೆ ಹೋಲಿಸಿ ನೋಡಿ. ಆಗಿನ್ನೂ ಚಿಲ್ಲರೆ ವ್ಯತ್ಯಾಸ ಬೆಳೆದಿರೋದಿಲ್ಲ. ಮೊದಲ ಸ್ಟೆಪ್‌ನಲ್ಲೇ ಮೂರನೇ ದಶಮಾಂಶ ಬೇರೆ ಬಂದರೆ ಅದು ಜಿಪಿಯು ತಪ್ಪಲ್ಲ, ಬೇರೆ ಸಾಲುಗಳು ಬ್ಯಾಚ್‌ಗೆ ಬಂದಿವೆ ಅಂತ ಅನುಮಾನ ಪಡಿ. ಡ್ರಾಪ್‌ಔಟ್ ಆಫ್ ಮಾಡಿ ನೋಡೋದು ಮರೀಬೇಡಿ, ಅದರ ಯಾದೃಚ್ಛಿಕ ಸಂಖ್ಯೆಗಳೂ ಚಿಪ್‌ನಿಂದ ಚಿಪ್‌ಗೆ ಬೇರೆ ಬರಬಹುದು.

ಸೋಮವಾರದ ಬಿಲ್ಡ್ · ಭಾನುವಾರ, ರಾತ್ರಿ 8:45

ಸ್ಟೆಪ್ ಒಂದೇ ಇದೆ. ಡ್ರಾಪ್‌ಔಟ್ ಸೊನ್ನೆ ಮಾಡಿ ಹೋಲಿಸಿದೆ. ಮೊದಲ ಸ್ಟೆಪ್‌ನ ಲಾಸ್ ಐದು ದಶಮಾಂಶದವರೆಗೆ ಒಂದೇ, ಹತ್ತನೇದರಲ್ಲಿ ನಾಲ್ಕನೇ ದಶಮಾಂಶ ಬೇರೆಯಾಗೋಕೆ ಶುರು.

ವರದಿಯಲ್ಲಿ 0.871 ತೆಗೆದು ಮ್ಯಾಕ್ರೋ 0.836, ಹರವಿನ ಸಮೇತ ಹಾಕಿ ಕಳಿಸಿದ್ದೇನೆ. ಕೆಳಗೆ ಎರಡು ಸಾಲಿನ ವಿವರಣೆ. ನಾಳೆ ಬೆಳಿಗ್ಗೆ ಮೀಟಿಂಗ್ ಇದೆ.

ಲೆಕ್ಕಪುಸ್ತಕ · ಭಾನುವಾರ, ರಾತ್ರಿ 9:30

ಚೆಕ್‌ಸಮ್ ಕಾಲಮ್ ಹಾಕಿದೆ. ಈ ವಾರದ ಆರು ರನ್‌ಗಳಲ್ಲಿ ಮೂರು ಬೇರೆ ಬೇರೆ ಚೆಕ್‌ಸಮ್ ಬಂದಿವೆ. ಡೇಟಾ ಯಾರೂ ಮುಟ್ಟಿಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ಹೊಸ ಥ್ರೆಡ್ ಶುರು ಮಾಡ್ತೀನಿ.